ಅಜ್ಜನ ಬನಿಯನ್ ಫೋಟೋಗೆ ಅಂಗಿ ಹಾಕಬೇಕು: ಆನ್‌ಲೈನ್‌ಗೆ ಹಾಕದೆ ಮನೆ ಲ್ಯಾಪ್‌ಟಾಪಲ್ಲೇ ಆಗುತ್ತಾ?

ಸುಮಾ, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನಮ್ಮ ಅಜ್ಜನ ವರ್ಷದ ಕಾರ್ಯ. ಗೋಡೆಗೆ ಹಾಕೋಕೆ ದೊಡ್ಡ ಫೋಟೋ ಬೇಕು. ಅಜ್ಜನ ಮುಖ ಚೆನ್ನಾಗಿ ಬಂದಿರೋದು ಒಂದೇ ಫೋಟೋದಲ್ಲಿ. ಜಗಲಿ ಮೇಲೆ ಸಂಜೆ ಹೊತ್ತು ಫೋನಲ್ಲಿ ತೆಗೆದದ್ದು. ನಗು, ಕಣ್ಣು ಎಲ್ಲ ಅವರ ಹಾಗೇ ಇದೆ. ಆದರೆ ಮೈಮೇಲೆ ಬರೀ ಬನಿಯನ್. ತೊಡೆ ಮೇಲೆ ಅಣ್ಣನ ಮಗ ಕೂತಿದ್ದಾನೆ. ಆಗ ಎರಡು ವರ್ಷದ ಮಗು, ಚಡ್ಡಿ ಬಿಟ್ಟರೆ ಮೈಮೇಲೆ ಏನೂ ಇಲ್ಲ.

ಅಜ್ಜನಿಗೆ ಬಿಳಿ ಅಂಗಿ ಹಾಕಿದ ಹಾಗೆ ಮಾಡಬೇಕು, ಮಗು ಕಾಣಬಾರದು. ಚಿಕ್ಕಮ್ಮನ ಮಗ ಒಂದು ವೆಬ್‌ಸೈಟ್ ಲಿಂಕ್ ಕಳಿಸಿದ. ಫೋಟೋ ಹಾಕಿ, ಯಾವ ಬಟ್ಟೆ ಬೇಕು ಅಂತ ಬರೆದರೆ ಬದಲಾಯಿಸಿ ಕೊಡುತ್ತದಂತೆ, ದುಡ್ಡಿಲ್ಲ. ಅತ್ತಿಗೆ ಮಾತ್ರ ಬೇಡವೇ ಬೇಡ ಅಂತಿದ್ದಾರೆ. ನನಗೂ ಯಾಕೋ ಮನಸ್ಸಾಗುತ್ತಿಲ್ಲ. ನಮ್ಮ ಹೆದರಿಕೆ ಸರಿಯಾ? ನನ್ನ ಲ್ಯಾಪ್‌ಟಾಪ್ ಸಾಧಾರಣದ್ದು. 8 ಜಿಬಿ ರ‍್ಯಾಮ್, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ.

ಮಂಜು ಟೆಕ್

ಅಷ್ಟೇನೂ ಭಯ ಬೇಡ ಮೇಡಂ. ಫೋಟೋದೊಳಗೆ ಎಕ್ಸಿಫ್ ಅಂತ ಇರುತ್ತೆ. ಯಾವ ಫೋನು, ಯಾವತ್ತು, ಯಾವ ಜಾಗ ಎಲ್ಲ ಅದರಲ್ಲಿ ಬರೆದಿರುತ್ತೆ. ಅದನ್ನ ಅಳಿಸಿಬಿಟ್ಟರೆ ಫೋಟೋ ಯಾರದ್ದು ಅಂತ ಯಾರಿಗೂ ಗೊತ್ತಾಗಲ್ಲ. exiftool ಹಾಕಿಕೊಳ್ಳಿ, ಒಂದೇ ಸಾಲು:

```
exiftool -all= ajja.jpg
```

ಆಮೇಲೆ ಧೈರ್ಯವಾಗಿ ಅಪ್‌ಲೋಡ್ ಮಾಡಿ. ತುಂಬಾ ಸೈಟುಗಳು 24 ಗಂಟೆಯಲ್ಲಿ ಫೋಟೋ ಅಳಿಸುತ್ತೇವೆ ಅಂತ ಬರೆದೇ ಇರುತ್ತವೆ.

ಹಳೇಫೋಟೋ ವೆಂಕಿ

ಮಂಜು, ಆ ಕಮಾಂಡ್ ಸರಿ. ಜಾಗದ ಮಾಹಿತಿ ಹೋಗುತ್ತೆ. ಆದರೆ ಇಲ್ಲಿ ಗುರುತು ಇರೋದು ಮುಖದಲ್ಲಿ. ಎಕ್ಸಿಫ್ ಅಳಿಸಿದರೂ ಅಜ್ಜನ ಮುಖ, ಮಗುವಿನ ಮುಖ, ಹಿಂದಿನ ಬಾಗಿಲ ಮೇಲಿನ ಮನೆ ಹೆಸರು ಎಲ್ಲ ಹಾಗೇ ಇರುತ್ತೆ. ಇನ್ನೊಂದು ಮಾತು, exiftool ಹಳೇ ಫೈಲನ್ನು `ajja.jpg_original` ಅಂತ ಪಕ್ಕದಲ್ಲೇ ಇಟ್ಟಿರುತ್ತೆ. ಫೋಲ್ಡರ್ ಪೂರ್ತಿ ಯಾರಿಗಾದರೂ ಕೊಟ್ಟರೆ ಜಾಗದ ಮಾಹಿತಿಯೂ ಜೊತೆಗೇ ಹೋಗುತ್ತೆ.

24 ಗಂಟೆ ಮಾತಿಗೆ ಬರೋಣ. ಅಳಿಸುತ್ತೇವೆ ಅಂತ ಹೇಳಿರೋದು ಹೆಚ್ಚಾಗಿ ನೀವು ಹಾಕಿದ ಮೂಲ ಫೋಟೋ ಬಗ್ಗೆ. ಅದರಿಂದ ತಯಾರಾದ ಚಿತ್ರ, ನೀವು ಬರೆದ ಸೂಚನೆ, ಬ್ಯಾಕಪ್ ಪ್ರತಿ, ಇವೆಲ್ಲ ಆ ಮಾತಿನೊಳಗೆ ಬರುತ್ತವಾ ಅನ್ನೋದನ್ನು ನಿಯಮಾವಳಿ ಓದಿಯೇ ನೋಡಬೇಕು. ಎಷ್ಟೋ ಕಡೆ ಅಲ್ಲೂ ಸ್ಪಷ್ಟ ಇರಲ್ಲ. ಮಾತು ಉಳಿಸಿಕೊಂಡರಾ ಅಂತ ಹೊರಗಿನಿಂದ ನೋಡೋಕೆ ನಿಮಗಂತೂ ದಾರಿ ಇಲ್ಲ.

ಎರಡು ನಿಜ ಘಟನೆ ಹೇಳ್ತೀನಿ. ಅಮೆರಿಕದಲ್ಲಿ ಎವರ್ ಅಂತ ಫೋಟೋ ಇಡೋ ಆ್ಯಪ್ ಇತ್ತು. ಜನ ಮನೆ ಫೋಟೋ ಇಟ್ಟಿದ್ದರು. ಕಂಪನಿ ಅದೇ ಫೋಟೋಗಳನ್ನು ಬಳಸಿ ಮುಖ ಗುರುತಿಸೋ ತಂತ್ರಜ್ಞಾನ ಬೆಳೆಸಿತು. ಖಾತೆ ಮುಚ್ಚಿದವರ ಫೋಟೋಗಳನ್ನೂ ಅಳಿಸಿರಲಿಲ್ಲ. 2021ರಲ್ಲಿ ಗ್ರಾಹಕರ ಹಿತ ಕಾಯೋ ಅಲ್ಲಿನ ಸರ್ಕಾರಿ ಸಂಸ್ಥೆ ಎಫ್‌ಟಿಸಿ, ಫೋಟೋಗಳ ಜೊತೆಗೆ ಅವುಗಳಿಂದ ಮಾಡಿದ ಮಾಡೆಲ್‌ಗಳನ್ನೂ ಅಳಿಸಿ ಅಂತ ಆದೇಶ ಮಾಡಿತು. ಇನ್ನೊಂದು 2025ರದ್ದು. ಜೆನ್‌ನೋಮಿಸ್ ಅನ್ನೋ ಎಐ ಚಿತ್ರ ತಯಾರಿಸೋ ಸೇವೆಯ ಸಂಗ್ರಹ ಪಾಸ್‌ವರ್ಡ್ ಇಲ್ಲದೆ ಇಂಟರ್ನೆಟ್‌ನಲ್ಲಿ ತೆರೆದು ಬಿದ್ದಿದ್ದನ್ನು ಒಬ್ಬ ಭದ್ರತಾ ಸಂಶೋಧಕ ಪತ್ತೆ ಮಾಡಿದ. ಚಿತ್ರ, ಫೈಲು ಸೇರಿ 90 ಸಾವಿರಕ್ಕೂ ಜಾಸ್ತಿ. ಮೊದಲಿನದ್ದು ಬೇಕಂತಲೇ ಮಾಡಿದ್ದು, ಎರಡನೆಯದು ಅಜಾಗರೂಕತೆ. ಫೋಟೋ ಕೊಟ್ಟವರಿಗೆ ಎರಡರಲ್ಲೂ ಮುಂಚೆ ಒಂದು ಸುಳಿವೂ ಇರಲಿಲ್ಲ.

ಸುಮಾ ಅವರೇ, ನಿಮ್ಮ ಅತ್ತಿಗೆ ಹೇಳಿದ್ದು ಸರಿ. ಇನ್ನೂ ಒಂದು ಕಾರಣ ಇದೆ. ಬಟ್ಟೆ ಬದಲಾಯಿಸೋ ಸೈಟುಗಳಲ್ಲಿ ಕೆಲವು, ಬಟ್ಟೆ ತೆಗೆಯೋ ಹೊಲಸು ಕೆಲಸಕ್ಕೂ ಅದೇ ತಂತ್ರ ಬಳಸುತ್ತವೆ. ಹೊರಗಿನಿಂದ ನೋಡಿದರೆ ವ್ಯತ್ಯಾಸ ಗೊತ್ತಾಗಲ್ಲ. ಬರೀ ಚಡ್ಡಿಯಲ್ಲಿರೋ ಮಗುವಿನ ಫೋಟೋ ಅಂಥ ಕಡೆ ಹೋಗಲೇಬಾರದು. ನಿಮ್ಮ ಕೆಲಸಕ್ಕೆ ಅದು ಬೇಕಾಗಿಯೂ ಇಲ್ಲ, ಲ್ಯಾಪ್‌ಟಾಪಲ್ಲೇ ಆಗುತ್ತೆ. ಸಂಜೆ ವಿವರವಾಗಿ ಬರೀತೀನಿ.

ಶಿವಣ್ಣ, ಮಂಡ್ಯ

ನಮ್ಮ ಹುಡುಗನ ಅರ್ಜಿಗೆ ಫೋಟೋ 50 ಕೆಬಿ ಒಳಗೆ ಇರಬೇಕಂತೆ, ಹಿಂದೆ ಬಿಳಿ ಬಣ್ಣ ಬೇಕಂತೆ. ಅದಕ್ಕೂ ಇದೇ ಸೈಟ್ ಆಗುತ್ತಾ? ಲಿಂಕ್ ಹಾಕಿ ಪುಣ್ಯ ಕಟ್ಟಿಕೊಳ್ಳಿ.

ಹಳೇಫೋಟೋ ವೆಂಕಿ

ಶಿವಣ್ಣ, ಇಲ್ಲಿ ಆ ಸೈಟ್ ಬೇಡ ಅಂತಲೇ ಮಾತಾಡ್ತಿರೋದು. ನಿಮ್ಮ ಕೆಲಸಕ್ಕೂ ಅದು ಬೇಡ. ಜಿಂಪ್ ಅನ್ನೋ ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳಿ. ಅದರಲ್ಲಿ ಜೆಪೆಗ್ ಆಗಿ ಎಕ್ಸ್‌ಪೋರ್ಟ್ ಮಾಡುವಾಗ Quality ಅಂತ ಒಂದು ಪಟ್ಟಿ ಬರುತ್ತೆ. Show preview in image window ಅನ್ನೋದಕ್ಕೆ ಟಿಕ್ ಹಾಕಿ ಅದನ್ನು ಇಳಿಸುತ್ತಾ ಹೋದರೆ ಫೈಲ್ ಎಷ್ಟು ದೊಡ್ಡದು ಅಂತ ಅಲ್ಲೇ ತೋರಿಸುತ್ತೆ. ಸೈಬರ್ ಸೆಂಟರ್‌ನಲ್ಲಿ ಮಾಡಿಸಿದರೆ, ಕೆಲಸ ಮುಗಿದ ಮೇಲೆ ಅವರ ಡೌನ್‌ಲೋಡ್ಸ್ ಫೋಲ್ಡರಿಂದ ಫೋಟೋ ಅಳಿಸಿ ಬನ್ನಿ.

ಜಯಶ್ರೀ, ಹುಬ್ಬಳ್ಳಿ

ನಮ್ಮ ಮನೆಯಲ್ಲಿ ಆಗಿದ್ದು ಹೇಳ್ತೀನಿ. ಮಗಳ ಶಾಲೆಯ ವೇಷಭೂಷಣ ಸ್ಪರ್ಧೆಗೆ ಕಿತ್ತೂರು ಚೆನ್ನಮ್ಮನ ವೇಷ ಹೇಗೆ ಕಾಣುತ್ತೆ ನೋಡೋಣ ಅಂತ ನಮ್ಮ ಯಜಮಾನರು ಒಂದು ಸೈಟಿಗೆ ಅವಳ ಫೋಟೋ ಹಾಕಿದ್ದರು. ಚಿತ್ರ ಚೆನ್ನಾಗೇ ಬಂತು. ಕೆಲವು ದಿನ ಬಿಟ್ಟು ನನ್ನ ತಂಗಿ ಅದೇ ಸೈಟ್ ತೆರೆದರೆ, ಮೊದಲ ಪುಟದಲ್ಲೇ "ಇತ್ತೀಚಿನ ಚಿತ್ರಗಳು" ಅಂತ ಸಾಲಾಗಿ ಹಾಕಿದ್ದರು. ಅದರೊಳಗೆ ನಮ್ಮ ಮಗಳು! ಕತ್ತಿ ಹಿಡಿದು ನಿಂತಿದ್ದಾಳೆ, ಕೆಳಗೆ ಯಜಮಾನರು ಬರೆದಿದ್ದ ಸಾಲು, ಅದರಲ್ಲಿ ಅವಳ ಹೆಸರು. ದುಡ್ಡು ಕೊಡದ ಖಾತೆಯ ಚಿತ್ರ ಎಲ್ಲರಿಗೂ ಕಾಣುತ್ತೆ ಅಂತ ನಿಯಮದಲ್ಲಿ ಎಲ್ಲೋ ಕೆಳಗೆ ಬರೆದಿತ್ತು. ಮೇಲ್ ಹಾಕಿ ತೆಗೆಸಿದೆವು. ಅದರ ಮಧ್ಯೆ ಯಾರ‍್ಯಾರು ಇಳಿಸಿಕೊಂಡರೋ ಯಾರಿಗೆ ಗೊತ್ತು? ಆಮೇಲಿಂದ ಮಕ್ಕಳ ಫೋಟೋ ನಾನು ಎಲ್ಲಿಗೂ ಹಾಕಲ್ಲ.

ಅನಿತಾ, ಸ್ಯಾನ್ ಹೋಸೆ

ನನಗೆ ಒಂದು ಅರ್ಥ ಆಗ್ತಿಲ್ಲ. ನಮ್ಮ ಫೋನಿನ ಫೋಟೋ ಎಲ್ಲವೂ ಈಗಾಗಲೇ ಕ್ಲೌಡ್ ಬ್ಯಾಕಪ್‌ನಲ್ಲಿದೆ. ಫ್ಯಾಮಿಲಿ ಗ್ರೂಪಲ್ಲಿ ದಿನಾ ಮಕ್ಕಳ ಫೋಟೋ ಓಡಾಡುತ್ತೆ. ಹಾಗಿರುವಾಗ ಇನ್ನೊಂದು ಸೈಟಿಗೆ ಹೋದರೆ ಹೊಸದಾಗಿ ಏನು ಕೆಡುತ್ತೆ?

ಹಳೇಫೋಟೋ ವೆಂಕಿ

ಒಳ್ಳೇ ಪ್ರಶ್ನೆ. ಬ್ಯಾಕಪ್‌ನಲ್ಲಿ ಫೋಟೋ ನಿಮ್ಮ ಖಾತೆಯಲ್ಲಿರುತ್ತೆ, ಬೇಕಾದಾಗ ಅಳಿಸಬಹುದು, ಎದುರಿಗೆ ಗೊತ್ತಿರೋ ಒಂದು ಕಂಪನಿ ಇದೆ. ಹೆಸರು ವಿಳಾಸ ಇಲ್ಲದ ಉಚಿತ ಸೈಟಿಗೆ ಕೊಟ್ಟರೆ ಇದ್ಯಾವುದೂ ಇಲ್ಲ. ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಇದೆ. 18ರ ಒಳಗಿನವರ ಮಾಹಿತಿ ಬಳಸೋಕೆ ಅಪ್ಪ ಅಮ್ಮನ ಒಪ್ಪಿಗೆ ಬೇಕು ಅನ್ನುತ್ತೆ. ಆದರೆ ಸೈಟ್ ನಡೆಸೋರು ಯಾರು, ಎಲ್ಲಿದ್ದಾರೆ ಅಂತಲೇ ಗೊತ್ತಿಲ್ಲದಿದ್ದರೆ ಯಾರ ಮೇಲೆ ದೂರು ಕೊಡ್ತೀರಿ?

ಆದರೂ ಫ್ಯಾಮಿಲಿ ಗ್ರೂಪ್ ಬಗ್ಗೆ ನೀವು ಹೇಳಿದ್ದು ನಿಜ. ಅದನ್ನ ಅಲ್ಲಗಳೆಯೋಕೆ ನನ್ನತ್ರ ಉತ್ತರ ಇಲ್ಲ.

ಅನಿತಾ, ಸ್ಯಾನ್ ಹೋಸೆ

ದೊಡ್ಡ ಕಂಪನಿ ಆದರೆ ಸರಿ, ಚಿಕ್ಕದಾದರೆ ತಪ್ಪು ಅಂದ ಹಾಗಾಯಿತು. ಎವರ್ ಕೂಡ ಹೆಸರಿದ್ದ ಕಂಪನಿಯೇ ಅಲ್ವಾ? ನಾನಿನ್ನೂ ಪೂರ್ತಿ ಒಪ್ಪಿಲ್ಲ. ಮಗುವಿನ ವಿಷಯ ಮಾತ್ರ ಒಪ್ಪಿದೆ.

ಕ್ಯಾಮೆರಾ ರಘು

ನಾನು ಸ್ಟುಡಿಯೋ ಇಟ್ಟಿದ್ದೀನಿ. ಇದೇ ಕೆಲಸ ವಾರಕ್ಕೆ ಎಷ್ಟೋ ಬರುತ್ತೆ. ಅಪ್ಪನಿಗೆ ಕೋಟು ಹಾಕಿ, ಅಮ್ಮನಿಗೆ ರೇಷ್ಮೆ ಸೀರೆ ಉಡಿಸಿ ಅಂತ. ಮೊದಲು ಫೋಟೋಶಾಪ್‌ನಲ್ಲಿ ಕೂತು ಮಾಡ್ತಿದ್ದೆವು, ನಮ್ಮತ್ರ ಕೋಟುಗಳ ಫೈಲೇ ಇರುತ್ತಿತ್ತು. ಈಗ ಬಹಳ ಸ್ಟುಡಿಯೋಗಳಲ್ಲಿ ಕೆಲಸದ ಹುಡುಗರು ಫೋಟೋನ ನೇರ ಆನ್‌ಲೈನ್‌ಗೆ ಹಾಕಿ ಎರಡು ನಿಮಿಷದಲ್ಲಿ ಮುಗಿಸ್ತಾರೆ. ಸ್ಟುಡಿಯೋಗೆ ಕೊಟ್ಟೆ, ಆನ್‌ಲೈನ್‌ಗೆ ಹಾಕಲಿಲ್ಲ ಅಂತ ನೀವಂದುಕೊಂಡಿರ್ತೀರಿ. ಅದಕ್ಕೇ ಕೊಡೋ ಮೊದಲೇ ಕೇಳಿ: "ಇಲ್ಲೇ ಕಂಪ್ಯೂಟರಲ್ಲಿ ಮಾಡ್ತೀರಾ, ಇಲ್ಲ ಸೈಟಿಗೆ ಹಾಕ್ತೀರಾ?" ಕೇಳಿದರೆ ಯಾರೂ ಬೇಜಾರು ಮಾಡ್ಕೊಳ್ಳಲ್ಲ.

ಸುಮಾ ಅವರೇ, ಫೋಟೋ ಪ್ರಿಂಟ್ ಎಷ್ಟು ದೊಡ್ಡದು ಬೇಕು? ಮೂಲ ಫೈಲ್ ಇದೆಯಾ, ವಾಟ್ಸಾಪಿಂದ ಬಂದಿದ್ದಾ?

ಸುಮಾ, ತೀರ್ಥಹಳ್ಳಿ

ಮೂಲ ಫೈಲ್ ಅಣ್ಣನ ಹಳೇ ಫೋನಲ್ಲಿದೆ ರಘು ಅವರೇ. 4000×3000 ಅಂತ ತೋರಿಸುತ್ತೆ. 12×15 ಇಂಚು ಫ್ರೇಮ್ ಅಂದುಕೊಂಡಿದ್ದೆವು.

ಇನ್ನೊಂದು ವಿಷಯ. ಚಿಕ್ಕಮ್ಮನ ಮಗ, "ಆ ಸೈಟ್ ಬ್ರೌಸರ್ ಒಳಗೇ ಕೆಲಸ ಮಾಡುತ್ತೆ, ಫೋಟೋ ಎಲ್ಲೂ ಹೋಗಲ್ಲ" ಅಂತಾನೆ. ಅದು ನಿಜವಾ ಸುಳ್ಳಾ ಅಂತ ನಾವೇ ನೋಡೋಕೆ ಆಗುತ್ತಾ?

ಹಳೇಫೋಟೋ ವೆಂಕಿ

ಆಗುತ್ತೆ. ಗಿಡವೋ ಹೂವೋ ಇರೋ ಒಂದು ಫೋಟೋ ತಗೊಳ್ಳಿ, ಮನುಷ್ಯರದ್ದು ಬೇಡ. ಫೈಲ್ ಎಷ್ಟು ಎಂಬಿ ಇದೆ ಅಂತ ನೋಡಿಟ್ಟುಕೊಳ್ಳಿ. ಸೈಟ್ ತೆರೆದು F12 ಒತ್ತಿ, Network ಅನ್ನೋ ಕಡೆ ಹೋಗಿ, ಆಮೇಲೆ ಫೋಟೋ ಆರಿಸಿ. ಹೊಸ ಸಾಲುಗಳು ಬರ್ತಾ ಹೋಗುತ್ತವೆ. POST ಇಲ್ಲವೇ PUT ಅಂತ ಇರೋ ಸಾಲಿನ ಮೇಲೆ ಒತ್ತಿದರೆ Headers ಕಾಣುತ್ತೆ. ಅದರಲ್ಲಿ Request Headers ಅನ್ನೋ ಭಾಗದ Content-Length ಹೆಚ್ಚುಕಡಿಮೆ ನಿಮ್ಮ ಫೈಲಿನಷ್ಟೇ ಇದ್ದರೆ ಫೋಟೋ ಹೊರಗೆ ಹೋಯಿತು ಅಂತಲೇ ಅರ್ಥ.

ಇನ್ನೂ ಸುಲಭದ್ದು ಬೇಕಾ? ಪುಟ ಪೂರ್ತಿ ತೆರೆದ ಮೇಲೆ ವೈಫೈ ಆಫ್ ಮಾಡಿ, ಆಮೇಲೆ ಫೋಟೋ ಹಾಕಿ ನೋಡಿ. ಕೆಲಸ ನಿಂತರೆ ಅದಕ್ಕೆ ಸರ್ವರ್ ಬೇಕು. ಕೆಲಸ ನಡೆದರೆ ಸರ್ವರ್ ಇಲ್ಲದೆಯೂ ಆಗುತ್ತೆ ಅಂತಾಯಿತು, ಅಷ್ಟೇ. ನೆಟ್ ಬಂದ ಮೇಲೆ ಸದ್ದಿಲ್ಲದೆ ಕಳಿಸಲ್ಲ ಅನ್ನೋಕೆ ಅದು ಸಾಕ್ಷಿ ಅಲ್ಲ. ಫೋನಿನ ಆ್ಯಪ್‌ಗಳನ್ನು ಏರೋಪ್ಲೇನ್ ಮೋಡಲ್ಲಿ ಪರೀಕ್ಷೆ ಮಾಡಿದರೂ ಅಷ್ಟೇ ಗೊತ್ತಾಗೋದು.

ಸುಮಾ, ತೀರ್ಥಹಳ್ಳಿ

ಮಾಡಿ ನೋಡಿದೆ! ದಾಸವಾಳದ ಫೋಟೋ, 3.8 ಎಂಬಿ. ನಾನು ಫೈಲ್ ಆರಿಸಿದ್ದಷ್ಟೇ, ಬಟ್ಟೆ ಬದಲಾಯಿಸು ಅನ್ನೋ ಬಟನ್ ಇನ್ನೂ ಒತ್ತಿರಲಿಲ್ಲ. ಆಗಲೇ ಒಂದು POST ಸಾಲು ಬಂತು. ತೆರೆದು ನೋಡಿದರೆ Content-Length ಸುಮಾರು 38 ಲಕ್ಷ ಬೈಟ್. ಅಂದರೆ ಇಡೀ ಫೋಟೋ ಹೋಗಿಬಿಟ್ಟಿತ್ತು. ಚಿಕ್ಕಮ್ಮನ ಮಗನಿಗೆ ಸ್ಕ್ರೀನ್‌ಶಾಟ್ ಕಳಿಸಿದ್ದೀನಿ. ಅವನೂ ಅದನ್ನು ಬಳಸೋದು ನಿಲ್ಲಿಸಿದ್ದಾನೆ.

ಮಂಜು ಟೆಕ್

ಹಾಗಾದರೆ ಸ್ಟೇಬಲ್ ಡಿಫ್ಯೂಷನ್ ಅನ್ನೋ ಚಿತ್ರ ಮಾಡೋ ಎಐನ ನಿಮ್ಮ ಲ್ಯಾಪ್‌ಟಾಪಲ್ಲೇ ಹಾಕಿಕೊಳ್ಳಿ. ಎಐ ನಿಮ್ಮ ಮನೆಯಲ್ಲೇ ಓಡುತ್ತೆ. ಎದೆಯ ಭಾಗಕ್ಕೆ ಮಾಸ್ಕ್ ಹಾಕಿ, ಅಂದರೆ ಬದಲಾಗಬೇಕಾದ ಜಾಗ ಗುರುತು ಮಾಡಿ, "white shirt" ಅಂತ ಕೊಟ್ಟರೆ ಮುಗಿಯಿತು. ಅದನ್ನು ಓಡಿಸೋ ಆಟೋಮ್ಯಾಟಿಕ್1111 ಅನ್ನೋ ಸಾಫ್ಟ್‌ವೇರ್ ಹಾಕಿ, `--share` ಕೊಟ್ಟು ಓಡಿಸಿ. ಒಂದು ಲಿಂಕ್ ಬರುತ್ತೆ, ನನಗೆ ಕಳಿಸಿ. ನಾನೇ ಇಲ್ಲಿಂದ ಮಾಡಿಕೊಡ್ತೀನಿ.

ಹಳೇಫೋಟೋ ವೆಂಕಿ

ಮಂಜು, ನಿನ್ನ ಮನಸ್ಸು ಒಳ್ಳೇದೇ. ಆದರೆ ಆ `--share` ಬೇಡಪ್ಪ! ಅದು ಆ ಲ್ಯಾಪ್‌ಟಾಪಲ್ಲಿ ನಡೀತಿರೋದಕ್ಕೆ ಇಂಟರ್ನೆಟ್‌ನಲ್ಲಿ ಲಿಂಕ್ ಮಾಡಿ ಕೊಡುತ್ತೆ. ಲಿಂಕ್ ಯಾರ ಕೈಗೆ ಸಿಕ್ಕರೂ ಒಳಗೆ ಬರಬಹುದು. `--listen` ಅಂತ ಇನ್ನೊಂದಿದೆ, ಅದು ಅದೇ ವೈಫೈಯಲ್ಲಿರೋ ಬೇರೆ ಕಂಪ್ಯೂಟರ್‌ಗಳಿಗೂ ಬಾಗಿಲು ತೆರೆಯುತ್ತೆ. ಎರಡೂ ಹಾಕದೆ ಓಡಿಸಿದರೆ ವಿಳಾಸ `127.0.0.1` ಅಂತ ಇರುತ್ತೆ, ಆ ಕಂಪ್ಯೂಟರ್ ಬಿಟ್ಟು ಬೇರೆಯವರಿಗೆ ಸಿಗಲ್ಲ.

ಗ್ರಾಫಿಕ್ಸ್ ಕಾರ್ಡ್ ಇಲ್ಲದ 8 ಜಿಬಿ ಲ್ಯಾಪ್‌ಟಾಪಲ್ಲಿ ಇದು ತುಂಬಾ ನಿಧಾನ. ನನಗೆ ಅದಕ್ಕಿಂತ ದೊಡ್ಡ ತೊಂದರೆ ಅನ್ನಿಸೋದು ಬೇರೆ. ಮಾಸ್ಕ್ ಒಂದು ಚೂರು ಕುತ್ತಿಗೆ ಮೇಲೆ ಹೋದರೂ ಕುತ್ತಿಗೆಯ ನೆರಿಗೆ ಬೇರೆಯವರದ್ದಾಗುತ್ತೆ. ಅಜ್ಜ ಅಜ್ಜನ ಹಾಗೆ ಕಾಣಲ್ಲ. ಮಗು ಇರೋ ಭಾಗವನ್ನಂತೂ ಬಟ್ಟೆ ಬದಲಾಯಿಸೋ ಯಾವ ಮಾಡೆಲ್‌ಗೂ ಕೊಡಬೇಡಿ, ಮನೆಯ ಕಂಪ್ಯೂಟರಲ್ಲೇ ಇದ್ದರೂ.

ಸುಮಾ ಅವರೇ, ಅಜ್ಜನ ಒಂದು ಅಂಗಿ ಮನೆಯಲ್ಲಿ ಉಳಿದಿದೆಯಾ?

ಸುಮಾ, ತೀರ್ಥಹಳ್ಳಿ

ಇದೆ. ಬಿಳಿ ಖಾದಿ ಅಂಗಿ, ಅಮ್ಮ ಟ್ರಂಕಿನಲ್ಲಿಟ್ಟಿದ್ದಾರೆ.

ಹಳೇಫೋಟೋ ವೆಂಕಿ

ಹಾಗಿದ್ದರೆ ಎಐ ಬೇಕಾಗಿಯೇ ಇಲ್ಲ. ಆ ಅಂಗಿಯನ್ನು ನಿಮ್ಮ ಅಪ್ಪನೋ ಅಣ್ಣನೋ ಹಾಕಿಕೊಂಡು ಅದೇ ಜಗಲಿಯಲ್ಲಿ, ಅದೇ ಸಂಜೆ ಹೊತ್ತಿಗೆ, ಅಜ್ಜ ಕೂತ ಹಾಗೇ ಕೂರಲಿ. ಹಳೇ ಫೋಟೋದಲ್ಲಿ ಬೆಳಕು ಯಾವ ಕೆನ್ನೆ ಮೇಲೆ ಬಿದ್ದಿದೆ ನೋಡಿ, ಅದೇ ಕಡೆಯಿಂದ ಬರಬೇಕು. ಕ್ಯಾಮೆರಾ ಅಷ್ಟೇ ಎತ್ತರದಲ್ಲಿ, ಅಷ್ಟೇ ದೂರದಲ್ಲಿರಲಿ. ಇದೊಂದು ಸರಿ ಬಂದರೆ ಮುಂದಿನ ಕೆಲಸ ಹಗುರ.

ಎರಡೂ ಫೋಟೋನ ಯುಎಸ್‌ಬಿ ಕೇಬಲ್ ಹಾಕಿ ಲ್ಯಾಪ್‌ಟಾಪಿಗೆ ತನ್ನಿ. Desktop, Pictures ಒಳಗೆ ಇಡಬೇಡಿ. ಎಷ್ಟೋ ವಿಂಡೋಸ್ ಲ್ಯಾಪ್‌ಟಾಪಲ್ಲಿ ಅವು ತಾನಾಗೇ ಒನ್‌ಡ್ರೈವ್‌ಗೆ ಹೋಗ್ತಿರುತ್ತವೆ. ಫೋಲ್ಡರ್ ವಿಳಾಸದಲ್ಲಿ OneDrive ಅನ್ನೋ ಪದ ಇದೆಯಾ ಅಂತ ನೋಡಿದರೆ ಗೊತ್ತಾಗುತ್ತೆ. `C:\ajja` ಅಂತ ಬೇರೆಯದೇ ಮಾಡಿಕೊಳ್ಳಿ. ಜಿಂಪ್ ಇನ್‌ಸ್ಟಾಲ್ ಆದ ಮೇಲೆ ವೈಫೈ ಆಫ್ ಮಾಡಿ.

ಜಿಂಪಲ್ಲಿ ಅಜ್ಜನ ಫೋಟೋ ತೆರೆದು, ತಲೆಯಿಂದ ಎದೆವರೆಗೆ ಕ್ರಾಪ್ ಮಾಡಿ. ಕ್ರಾಪ್ ಟೂಲಿನಲ್ಲಿ Delete cropped pixels ಅಂತ ಇದೆ, ಅದಕ್ಕೆ ಟಿಕ್ ಹಾಕಿರಬೇಕು. ಟಿಕ್ ಇಲ್ಲದಿದ್ದರೆ ಕತ್ತರಿಸಿದ ಭಾಗ ಕಣ್ಣಿಗೆ ಕಾಣದಿದ್ದರೂ ಜಿಂಪ್ ಫೈಲಿನೊಳಗೆ ಹಾಗೇ ಉಳಿದಿರುತ್ತೆ. ಆಮೇಲೆ ಅಂಗಿಯ ಫೋಟೋನ ಇನ್ನೊಂದು ಲೇಯರ್ ಆಗಿ ಮೇಲೆ ತನ್ನಿ. ಅದರ ಪಾರದರ್ಶಕತೆ ಅರ್ಧ ಮಾಡಿ, ಭುಜಕ್ಕೆ ಭುಜ ಕೂರೋವರೆಗೆ ಹಿಗ್ಗಿಸಿ ಕುಗ್ಗಿಸಿ. ಸರಿ ಬಂದ ಮೇಲೆ ಪಾರದರ್ಶಕತೆ ಮೊದಲಿನಂತೆ ಮಾಡಿ, Add Layer Mask ಕೊಟ್ಟು, ಮೆತ್ತನೆ ಅಂಚಿನ ಕಪ್ಪು ಬ್ರಷ್‌ನಲ್ಲಿ ಅಪ್ಪನ ಮುಖ, ಕುತ್ತಿಗೆ ಮರೆ ಮಾಡಿ. ಕೆಳಗಿಂದ ಅಜ್ಜನ ಮುಖ ಬರುತ್ತೆ. ಮಾಸ್ಕ್‌ನಲ್ಲಿ ಏನೂ ಅಳಿಸಿರಲ್ಲ. ಜಾಸ್ತಿ ಮರೆಯಾದರೆ ಬಿಳಿ ಬ್ರಷ್ ಆಡಿಸಿ ವಾಪಸ್ ತರಬಹುದು.

ಕೊನೆಗೆ ಉಳಿಯೋದು ನೆರಳು. ಅಂಟಿಸಿದ ಹಾಗೆ ಕಾಣೋದು ಹೆಚ್ಚಾಗಿ ಗದ್ದದ ಕೆಳಗೆ ನೆರಳು ಇಲ್ಲದ್ದಕ್ಕೇ. ಮೇಲೊಂದು ಹೊಸ ಲೇಯರ್ ಮಾಡಿ, ಮೋಡ್ Multiply ಇಡಿ. ಕಾಲರಿನ ಮೇಲೆ ತಿಳಿ ಕಂದು ಬಣ್ಣ ತೆಳ್ಳಗೆ ಹಚ್ಚಿ, ಸ್ವಲ್ಪ ಬ್ಲರ್ ಮಾಡಿ. ಹಳೇ ಫೋಟೋದಲ್ಲಿ ಕಾಳು ಕಾಳಾಗಿ ಕಾಣ್ತಿದ್ದು ಅಂಗಿ ತೀರಾ ನುಣುಪಾಗಿದ್ದರೆ, ಅಂಗಿ ಲೇಯರಿಗೆ ಚೂರು Noise ಸೇರಿಸಿ.

ಸುಮಾ, ತೀರ್ಥಹಳ್ಳಿ

ಅಪ್ಪನೇ ಅಂಗಿ ಹಾಕಿ ಕೂತರು. ಭುಜ ಕೂರಿಸೋಕೆ ತುಂಬಾ ಹೊತ್ತು ಹಿಡಿಯಿತು. ಅಪ್ಪನ ಭುಜ ಅಗಲ, ಅಜ್ಜನದ್ದು ಇಳಿಬಿದ್ದದ್ದು. ಮಗುವಿನ ತಲೆ ಅಜ್ಜನ ಎದೆಯ ಮೇಲೆ ಬರುತ್ತಿತ್ತು, ಈಗ ಅಂಗಿಯೇ ಅದನ್ನು ಪೂರ್ತಿ ಮುಚ್ಚಿದೆ. ಬಲಭುಜ ಮಾತ್ರ ಇನ್ನೂ ಎದ್ದು ನಿಂತ ಹಾಗಿದೆ.

ಹಳೇಫೋಟೋ ವೆಂಕಿ

ಬಲಭುಜಕ್ಕೆ Warp Transform ಇದೆ. ಬ್ರಷ್ ದೊಡ್ಡದು ಮಾಡಿಕೊಂಡು ಅಂಗಿಯ ಅಂಚನ್ನು ಕೆಳಕ್ಕೆ ಮೆಲ್ಲಗೆ ತಳ್ಳಿ. ಚಿಕ್ಕ ಬ್ರಷ್‌ನಲ್ಲಿ ತಳ್ಳಿದರೆ ಹೊಲಿಗೆ ಸೊಟ್ಟಗಾಗುತ್ತೆ.

ಮಗು ಮುಚ್ಚಿರೋದು ಮೇಲಿನ ಲೇಯರಿನಿಂದ ಅಷ್ಟೇ. `.xcf` ಅನ್ನೋ ಜಿಂಪ್ ಫೈಲ್ ತೆರೆದು ಅಂಗಿ ಲೇಯರ್ ಪಕ್ಕದ ಕಣ್ಣು ಒತ್ತಿದರೆ ಮಗು ಮತ್ತೆ ಕಾಣುತ್ತೆ. ಅದಕ್ಕೇ ಆ ಫೈಲ್ ಯಾರಿಗೂ ಕೊಡಬೇಡಿ. ಎಕ್ಸ್‌ಪೋರ್ಟ್ ಮಾಡಿದ ಜೆಪೆಗ್ ಮಾತ್ರ ಕೊಡಿ. ಎಕ್ಸ್‌ಪೋರ್ಟ್ ಮಾಡುವಾಗ Exif ಟಿಕ್ ತೆಗೆದುಬಿಡಿ.

ಕ್ಯಾಮೆರಾ ರಘು

ಕ್ರಾಪ್ ಆದ ಮೇಲೆ ಎಷ್ಟು ಉಳಿಯಿತು?

ಸುಮಾ, ತೀರ್ಥಹಳ್ಳಿ

1440×1800.

ಕ್ಯಾಮೆರಾ ರಘು

12×15 ಮಾಡಿದರೆ ಇಂಚಿಗೆ 120 ಪಿಕ್ಸೆಲ್. ಹತ್ತಿರ ನಿಂತು ನೋಡಿದರೆ ಮುಖ ಮಂಕು ಅನ್ನಿಸುತ್ತೆ. 8×10 ಮಾಡಿಸಿ, ಇಂಚಿಗೆ 180 ಬರುತ್ತೆ, ಗೋಡೆಗೆ ಚೆನ್ನಾಗೇ ಇರುತ್ತೆ. ದೊಡ್ಡ ಫ್ರೇಮೇ ಬೇಕಂದರೆ ಸುತ್ತ ಅಗಲವಾದ ಬಿಳಿ ಮೌಂಟ್ ಕೊಡಿಸಿ. ದೊಡ್ಡದು ಮಾಡೋಕೆ ಅಂತ ಆನ್‌ಲೈನ್ ಸೈಟಿಗೆ ಮತ್ತೆ ಹಾಕಬೇಡಿ. ಅವು ಕಣ್ಣು, ಹಲ್ಲನ್ನೆಲ್ಲ ಹೊಸದಾಗಿ ಬರೆದುಬಿಡುತ್ತವೆ. ಪೆನ್‌ಡ್ರೈವಲ್ಲಿ ಆ ಒಂದು ಜೆಪೆಗ್ ಬಿಟ್ಟು ಬೇರೆ ಏನೂ ಇರದ ಹಾಗೆ ನೋಡಿಕೊಂಡು ಅಂಗಡಿಗೆ ಹೋಗಿ.

ಜಯಶ್ರೀ, ಹುಬ್ಬಳ್ಳಿ

ಸುಮಾ, ಮೂಲ ಫೋಟೋ ನಿಮ್ಮ ಫ್ಯಾಮಿಲಿ ಗ್ರೂಪಲ್ಲಿ ಮುಂಚೆಯೇ ಹೋಗಿದೆಯಾ? ಹೋಗಿದ್ದರೆ ಯಾರಾದರೂ ಒಬ್ಬರು ಅದನ್ನೇ ಸೈಟಿಗೆ ಹಾಕಿ ಅಂಗಿ ತೊಡಿಸಿ ಕಳಿಸ್ತಾರೆ ನೋಡಿ. ನಮ್ಮ ಮನೆಯವರೂ ಒಳ್ಳೇ ಮನಸ್ಸಿಂದಲೇ ಮಾಡಿದ್ದು.

ಸುಮಾ, ತೀರ್ಥಹಳ್ಳಿ

ಹೋಗಿದೆ ಜಯಶ್ರೀ ಅವರೇ. ಅತ್ತಿಗೆ ಗ್ರೂಪಲ್ಲಿ ಬರೆದಿದ್ದಾರೆ, ಆ ಫೋಟೋ ಎಲ್ಲಿಗೂ ಹಾಕಬೇಡಿ, ಫೋನಲ್ಲಿದ್ದರೆ ಅಳಿಸಿ ಅಂತ. ದೊಡ್ಡಪ್ಪ ಬೇಜಾರಾಗಿದ್ದಾರೆ. ಅಜ್ಜ ಮೊಮ್ಮಗನನ್ನು ಎತ್ತಿಕೊಂಡಿರೋದು ಅದೊಂದೇ, ಯಾಕೆ ಅಳಿಸಬೇಕು ಅಂತಾರೆ. ಅವರು ಹೇಳೋದೂ ನ್ಯಾಯವೇ. ಮಗುವಿಗೂ ಒಂದು ಅಂಗಿ ಕೂರಿಸಿ ಇನ್ನೊಂದು ಪ್ರತಿ ಮಾಡಿಕೊಡಲಾ ಅಂತ ಯೋಚನೆ ಮಾಡ್ತಿದ್ದೀನಿ, ಇದೇ ತರಹ ಜಿಂಪಲ್ಲೇ. ಅವನ ಆಗಿನ ಅಂಗಿ ಈಗ ಅವನಿಗೆ ಚಿಕ್ಕದಾಗಿದೆ. ಬರೀ ಅಂಗಿಯ ಫೋಟೋ ತೆಗೆದರೆ ಮೈ ಮೇಲಿದ್ದ ಹಾಗೆ ಬರುತ್ತಾ?

ಕ್ಯಾಮೆರಾ ರಘು

ಚಪ್ಪಟೆಯಾಗಿ ಹಾಸಿ ತೆಗೆದರೆ ಬರಲ್ಲ. ಒಳಗೆ ಮೆತ್ತನೆ ದಿಂಬು ತುರುಕಿ, ಭುಜದ ಕಡೆ ಟವಲ್ ಸುರುಳಿ ಇಟ್ಟು ಜಗಲಿ ಮೇಲೆ ಕೂರಿಸಿ ತೆಗೆಯಿರಿ. ಹೊಟ್ಟೆ ಹತ್ತಿರ ಒಂದೆರಡು ಮಡಿಕೆ ಬೀಳೋ ಹಾಗೆ ನೋಡಿಕೊಳ್ಳಿ. ತೋಳಿನ ಅಂಚು ಮಗುವಿನ ಕೈ ಇರೋ ದಿಕ್ಕಿಗೇ ತಿರುಗಿರಲಿ.

ಅನಿತಾ, ಸ್ಯಾನ್ ಹೋಸೆ

ನಿಮ್ಮ ದೊಡ್ಡಪ್ಪನ ಮಾತು ನನಗೂ ಸರಿ ಅನ್ನಿಸುತ್ತೆ. ಮೂಲ ಫೋಟೋ ಮಾತ್ರ ಅಳಿಸಬೇಡಿ. ಅಣ್ಣನ ಫೋನ್ ಹಳೇದು ಅಂದಿರಿ, ಅದು ಕೆಟ್ಟರೆ? ಇನ್ನೊಂದು ಹಾರ್ಡ್ ಡಿಸ್ಕ್‌ಗೂ ಒಂದು ಪ್ರತಿ ಹಾಕಿಡಿ.